ನಾಳೆ ನೆನಪಿದ್ದೀತೇ ಈ ಸಾಲು?

1983ರ ಸೆಪ್ಟೆಂಬರಿನಲ್ಲಿ ಶಿರಸಿ ಸೀಮೆಯ ಸಾಲ್ಕಣಿಯ ಜನ ಕಾಡಿಗೆ ಹೋಗಿ, ಕೊಡಲಿ ಬೀಳಬೇಕಿದ್ದ ಮರಗಳನ್ನು ತಬ್ಬಿಕೊಂಡು ನಿಂತರು. ಅಪ್ಪಿಕೋ ಎಂದು ಹೆಸರಾದ ಆ ಚಳವಳಿಗೆ ಹೇಳಲು ಬೇಕಾದಷ್ಟಿತ್ತು. ಉಳಿದಿರುವ ಕಾಡನ್ನು ಕಾಯಬೇಕು, ಬೋಳಾದ ಕಡೆ ಮತ್ತೆ ಗಿಡ ನೆಡಬೇಕು, ಕಾಡಿನಿಂದ ತರುವುದನ್ನು ಹಿತಮಿತವಾಗಿ ತರಬೇಕು. ಇಷ್ಟನ್ನೂ ಚಳವಳಿ ಮೂರೇ ಮಾತಿಗೆ ಇಳಿಸಿತು: ‘ಉಳಿಸು, ಬೆಳೆಸು, ಬಳಸು’. ನಲವತ್ತು ವರ್ಷ ದಾಟಿದ ಮೇಲೂ ಮಲೆನಾಡಿನಲ್ಲಿ ಪರಿಸರದ ಮಾತು ಬಂದರೆ ಈ ಮೂರು ಪದಗಳು ಜೊತೆಯಾಗಿಯೇ ಬರುತ್ತವೆ.

ಯಾಕೆ ಹೀಗೆ? ಪದಗಳನ್ನು ಒಂದರ ಕೆಳಗೊಂದು ಬರೆದು ನೋಡಿದರೆ ಕಾರಣ ಕಣ್ಣಿಗೇ ಕಾಣುತ್ತದೆ. ಮೂರೂ ಪದಗಳಲ್ಲಿ ಮೂರು ಮೂರು ಅಕ್ಷರ, ಎಲ್ಲವೂ ಲಘು. ಮೂರೂ ‘ಸು’ವಿನಲ್ಲಿ ಮುಗಿಯುತ್ತವೆ. ಅದಕ್ಕಿಂತ ಮುಖ್ಯವಾಗಿ, ಮೂರರಲ್ಲೂ ಎರಡನೆಯ ಅಕ್ಷರದ ವ್ಯಂಜನ ‘ಳ’. ಕನ್ನಡದ ಹಳೆಯ ಛಂದಸ್ಸಿನಲ್ಲಿ ಆದಿಪ್ರಾಸ ಎಂದು ಕರೆದದ್ದು ಇದನ್ನೇ: ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಮರುಕಳಿಸುವುದು. ಚಂಪೂ ಕವಿಗಳು ನೂರಾರು ವರ್ಷ ತಪ್ಪದೆ ಪಾಲಿಸಿದ ಈ ನಿಯಮ ಗೋಡೆ ಬರಹದಲ್ಲೂ ಬದುಕಿದೆ. ‘ಹಸಿರೇ ಉಸಿರು’ ಎನ್ನುವಲ್ಲಿ ಎರಡನೆಯದು ‘ಸಿ’. ‘ಕಾಡು ಬೆಳೆಸಿ, ನಾಡು ಉಳಿಸಿ’ ಎನ್ನುವಲ್ಲಿ ‘ಕಾಡು’, ‘ನಾಡು’ಗಳ ‘ಡು’. ಇವನ್ನು ಹೊಸೆದವರು ಛಂದಸ್ಸಿನ ಪುಸ್ತಕ ತೆರೆದಿಟ್ಟುಕೊಂಡು ಕೂತಿರಲಾರರು. ಕಿವಿಗೆ ಹಿತವಾದದ್ದನ್ನು ಉಳಿಸಿಕೊಂಡರು, ಅಷ್ಟೆ.

ಹೊಸ ಘೋಷವಾಕ್ಯ ಆರಿಸುವ ಸಭೆಗಳಲ್ಲಿ ಕಿವಿಗೆ ಈ ಅವಕಾಶ ಸಿಗುವುದು ಕಡಿಮೆ. ನಾಲ್ಕಾರು ಸಾಲುಗಳನ್ನು ಕಾಗದದಲ್ಲಿ ಅಚ್ಚು ಹಾಕಿಸಿ ಕೈಗೆ ಕೊಡುತ್ತಾರೆ. ಎಲ್ಲರೂ ಮನಸ್ಸಿನಲ್ಲೇ ಓದಿಕೊಳ್ಳುತ್ತಾರೆ. ಅರ್ಥ ಗಂಭೀರವಾಗಿದೆಯೇ, ಯಾರಿಗಾದರೂ ಬೇಸರವಾದೀತೇ ಎಂದು ಚರ್ಚೆ ನಡೆಯುತ್ತದೆ. ಅಷ್ಟು ಹೊತ್ತು ಮಾತಾಡಿದ ಮೇಲೆ ಯಾವ ಸಾಲಾದರೂ ಅವರಿಗೆ ಬಾಯಿಪಾಠವಾಗಿಯೇ ಇರುತ್ತದೆ. ಹಾಗಾಗಿ ಒಂದು ಸಾಲು ಬೇರೆಯವರಿಗೆ ನೆನಪಿರುತ್ತದೆಯೇ ಎಂದು ಹೇಳಲು ಅದನ್ನು ಬರೆದವರಿಗೂ ಆಗುವುದಿಲ್ಲ, ಒಪ್ಪಿದವರಿಗೂ ಆಗುವುದಿಲ್ಲ. ಮೊದಲ ಸಲ ಕೇಳುವ ಕಿವಿಯೇ ಬೇಕು. ಅದಕ್ಕೆ ದೊಡ್ಡ ಸಂಸ್ಥೆಯಾಗಲಿ ದುಡ್ಡಾಗಲಿ ಬೇಕಿಲ್ಲ. ಎರಡು ದಿನ, ಒಂದು ನೋಟ್‌ಬುಕ್, ಮತ್ತು ಆ ಸಾಲನ್ನು ಹಿಂದೆಂದೂ ಕೇಳಿರದ ಕೆಲವು ಮಂದಿ ಇದ್ದರೆ ಸಾಕು.

ಒಂದು ಉದಾಹರಣೆ ಕಟ್ಟಿಕೊಂಡು ನೋಡುವುದು ಒಳ್ಳೆಯದು. ಯಾವುದೋ ಒಂದು ಪಟ್ಟಣ ಪಂಚಾಯಿತಿ, ಮನೆಯಲ್ಲೇ ಕಸ ಬೇರ್ಪಡಿಸಿ ಕೊಡಿ ಎಂದು ಜನರಿಗೆ ಹೇಳಬೇಕಾಗಿದೆ ಎಂದಿಟ್ಟುಕೊಳ್ಳೋಣ. ಮುಂದೆ ನಾಲ್ಕು ಸಾಲುಗಳಿವೆ. ಮೊದಲನೆಯದು, ‘ತ್ಯಾಜ್ಯ ವಿಂಗಡಣೆಯಲ್ಲಿ ನಾಗರಿಕರ ಸಹಭಾಗಿತ್ವವೇ ಸ್ವಚ್ಛ ನಗರದ ಅಡಿಪಾಯ’. ಎರಡನೆಯದು, ‘ನಮ್ಮ ಊರು, ಸ್ವಚ್ಛ ಊರು’. ಮೂರನೆಯದು, ‘ಬೆರೆತರೆ ಕಸ, ಬೇರೆಯಾದರೆ ರಸ’. ನಾಲ್ಕನೆಯದು, ‘ಹಸಿ ಬೇರೆ, ಒಣ ಬೇರೆ’. ಕಾಗದದ ಮೇಲೆ ಮೊದಲನೆಯದು ಘನವಾಗಿ ಕಾಣುತ್ತದೆ, ಮೂರನೆಯದು ಚುರುಕಾಗಿ ಕಾಣುತ್ತದೆ. ನಾಲ್ಕನೆಯದರಲ್ಲಿ ಏನೂ ವಿಶೇಷವಿಲ್ಲ ಎಂದು ಸಭೆಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ.

ಮೊದಲು ಇವನ್ನು ಬಾಯಿಬಿಟ್ಟು ಹೇಳಿಸಬೇಕು. ಹೇಳುವವರು ಬರೆದವರಾಗಬಾರದು, ಏಕೆಂದರೆ ಎಲ್ಲಿ ಉಸಿರು ಬಿಡಬೇಕು, ಯಾವ ಪದಕ್ಕೆ ಒತ್ತು ಕೊಡಬೇಕು ಎಂಬುದು ಅವರಿಗೆ ಮೊದಲೇ ಗೊತ್ತು. ಚೀಟಿಯನ್ನು ಹೊಸಬರೊಬ್ಬರ ಕೈಗೆ ಕೊಟ್ಟು, ಗಟ್ಟಿಯಾಗಿ ಓದಿ ಎಂದಷ್ಟೇ ಹೇಳಿ, ಅವರು ಎಲ್ಲಿ ಎಡವುತ್ತಾರೆ ಎಂದು ಗಮನಿಸಬೇಕು. ಆಮೇಲೆ ಚೀಟಿ ಹಿಂದಕ್ಕೆ ತೆಗೆದುಕೊಂಡು, ಅದೇ ಸಾಲನ್ನು ಐದು ಸಲ ಬೇಗ ಬೇಗ ಹೇಳಿಸಬೇಕು.

ಇಲ್ಲಿ ಉದ್ದದ ಪ್ರಶ್ನೆ ತಾನಾಗಿ ಇತ್ಯರ್ಥವಾಗುತ್ತದೆ. ಕೇಳಿದ ಮಾತನ್ನು ಮನಸ್ಸು ಒಳಗೊಳಗೇ ಉಚ್ಚರಿಸಿಕೊಂಡು ಸ್ವಲ್ಪ ಹೊತ್ತು ಹಿಡಿದಿಡುತ್ತದೆ. ಹಾಗೆ ಹಿಡಿದಿಡಲು ಆಗುವುದು ಸುಮಾರು ಎರಡು ಸೆಕೆಂಡಿನಲ್ಲಿ ಹೇಳಿ ಮುಗಿಸಬಹುದಾದಷ್ಟು ಮಾತನ್ನು ಮಾತ್ರ ಎಂದು ಬ್ರಿಟನ್ನಿನ ಮನೋವಿಜ್ಞಾನಿ ಅಲನ್ ಬ್ಯಾಡ್ಲಿ ಮತ್ತು ಸಂಗಡಿಗರು 1975ರಲ್ಲಿ ತೋರಿಸಿದರು. ಪಂಚಾಯಿತಿಯ ಮೊದಲ ಸಾಲಿನಲ್ಲಿ 29 ಅಕ್ಷರಗಳಿವೆ. ಎಷ್ಟೇ ಚುರುಕಾಗಿ ಓದಿದರೂ ಅದಕ್ಕೆ ನಾಲ್ಕು ಸೆಕೆಂಡು ಬೇಕು. ‘ಅಡಿಪಾಯ’ಕ್ಕೆ ಬರುವ ಹೊತ್ತಿಗೆ ‘ವಿಂಗಡಣೆ’ ಜಾರಿಹೋಗಿರುತ್ತದೆ. ‘ಹಸಿ ಬೇರೆ, ಒಣ ಬೇರೆ’ ಎಂಬುದು ಎಂಟೇ ಅಕ್ಷರ. ಒಂದು ಉಸಿರಿನಲ್ಲಿ ಎರಡು ಸಲ ಹೇಳಬಹುದು.

ಉದ್ದದ ಜೊತೆಗೆ ನಾಲಿಗೆಯ ಪ್ರಶ್ನೆಯೂ ಇದೆ. ‘ಸಹಭಾಗಿತ್ವ’ದ ‘ಭಾ’ ಬಹಳ ಮಂದಿಯ ಬಾಯಲ್ಲಿ ‘ಬಾ’ ಆಗುತ್ತದೆ. ಹಳೇ ಮೈಸೂರಿನ ಹಳ್ಳಿಗಳಲ್ಲಿ ಪದದ ಮೊದಲಿಗೆ ಬರುವ ‘ಹ’ ಎಷ್ಟೋ ಸಲ ‘ಅ’ ಆಗಿಬಿಡುತ್ತದೆ. ಘೋಷವಾಕ್ಯ ಹೀಗೆ ಬದಲಾದ ಮೇಲೂ ಗಟ್ಟಿಯಾಗಿ ನಿಲ್ಲಬೇಕು. ‘ಹಸಿರೇ ಉಸಿರು’ ಈ ಪರೀಕ್ಷೆಯಲ್ಲಿ ಚೆನ್ನಾಗಿ ಗೆಲ್ಲುತ್ತದೆ. ಅದನ್ನು ‘ಅಸಿರೇ ಉಸಿರು’ ಎಂದರೂ ಏನೂ ಕೆಡುವುದಿಲ್ಲ, ಏಕೆಂದರೆ ಪ್ರಾಸ ಕೂತಿರುವುದು ಮೊದಲ ಅಕ್ಷರದಲ್ಲಿ ಅಲ್ಲ, ಎರಡನೆಯದರಲ್ಲಿ. ಮೊದಲಕ್ಷರಗಳನ್ನಷ್ಟೇ ಹೊಂದಿಸಿ ಬರೆದ ಸಾಲಿಗೆ ಈ ಭದ್ರತೆ ಇರುವುದಿಲ್ಲ.

ಬಾಯಿಂದ ಹೇಳಿಸಿದಾಗಲೇ ಹೊರಬೀಳುವ ಇನ್ನೊಂದು ದೋಷವಿದೆ, ಅದು ಪಂಚಾಯಿತಿಯ ಮೂರನೆಯ ಸಾಲಿನಲ್ಲಿ ಅಡಗಿದೆ. ‘ಬೆರೆತರೆ ಕಸ, ಬೇರೆಯಾದರೆ ರಸ’ ಎಂದು ಓದಿದಾಗ ಎಲ್ಲರೂ ತಲೆದೂಗಿರುತ್ತಾರೆ. ಅದನ್ನು ಕಸದ ಆಟೋದ ಧ್ವನಿವರ್ಧಕಕ್ಕೆ ಹಾಕಿ, ಆಟೋವನ್ನು ಬೀದಿಯ ಆ ತುದಿಯಲ್ಲಿ ನಿಲ್ಲಿಸಿ, ಈ ತುದಿಯ ಮನೆಯ ಅಡುಗೆಮನೆಯಲ್ಲಿ ನಿಂತು ಕೇಳಬೇಕು. ‘ಬೆರೆ’ ಎಂದರೆ ಕೂಡುವುದು, ‘ಬೇರೆ’ ಎಂದರೆ ಅಗಲುವುದು. ಎರಡಕ್ಕೂ ನಡುವೆ ಇರುವುದು ಒಂದೇ ಒಂದು ದೀರ್ಘ. ಕುಕ್ಕರಿನ ಸೀಟಿ, ನಲ್ಲಿಯ ನೀರಿನ ಸದ್ದಿನ ನಡುವೆ ಆ ದೀರ್ಘ ಕಳೆದುಹೋದರೆ, ಕಸವನ್ನು ಬೆರೆಸಿ ಎಂದು ಹೇಳಿದಂತೆ ಕೇಳಿಸಿದರೂ ಆಶ್ಚರ್ಯವಿಲ್ಲ. ಬೆಳಿಗ್ಗೆ ಆರೂವರೆಗೆ ಬೀದಿಯಲ್ಲಿ ಹಾದುಹೋಗುವ ಮಾತನ್ನು ಯಾರೂ ಕಿವಿಗೊಟ್ಟು ಕೇಳುವುದಿಲ್ಲ. ಅರ್ಧ ಕೇಳಿದರೂ ಅರ್ಥ ತಿರುಗಬಾರದು. ಅಪ್ಪಿಕೋದ ಸಾಲಿನಲ್ಲೂ ‘ಬೆಳೆಸು’, ‘ಬಳಸು’ ಎಂಬ ಅವಳಿಗಳಿವೆ, ಬೇಗ ಹೇಳುವಾಗ ಅದಲುಬದಲಾಗುತ್ತವೆ. ಆದರೆ ಹಾಗೆ ಅದಲುಬದಲಾದರೂ ಹೇಳಬೇಕಾದ ಮೂರು ಕೆಲಸಗಳೂ ಹಾಗೇ ಉಳಿಯುತ್ತವೆ. ಅವಳಿ ಪದಗಳ ಆಟ ಆಡುವವರು ನೋಡಿಕೊಳ್ಳಬೇಕಾದ ವ್ಯತ್ಯಾಸ ಇದೇ.

ಇದಿಷ್ಟು ಒಂದು ಗಂಟೆಯ ಕೆಲಸ. ಮುಖ್ಯ ಪರೀಕ್ಷೆ ಮರುದಿನದ್ದು.

ಮರುದಿನವೇ ಏಕೆ, ಒಂದು ಗಂಟೆ ಬಿಟ್ಟು ಕೇಳಿದರೆ ಸಾಲದೇ, ಒಂದು ತಿಂಗಳು ಕಾಯಬೇಕಲ್ಲವೇ ಎಂಬ ಪ್ರಶ್ನೆಗಳಿಗೆ 1885ರಲ್ಲೇ ಉತ್ತರ ಸಿಕ್ಕಿದೆ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಉಚ್ಚಾರಗಳ ಪಟ್ಟಿಗಳನ್ನು ತಾನೇ ಬಾಯಿಪಾಠ ಮಾಡಿ, ಬೇರೆ ಬೇರೆ ಅವಧಿಯ ನಂತರ ಅವನ್ನೇ ಮತ್ತೆ ಕಲಿತ. ಎರಡನೆಯ ಸಲ ಎಷ್ಟು ಶ್ರಮ ಉಳಿಯಿತು ಎಂಬುದೇ ಅವನ ಅಳತೆ. ಒಂದು ಗಂಟೆಯೊಳಗೇ ಅರ್ಧಕ್ಕಿಂತ ಹೆಚ್ಚು ಕರಗಿತ್ತು. ಒಂದು ದಿನದ ಹೊತ್ತಿಗೆ ಉಳಿದದ್ದು ಮೂರರಲ್ಲಿ ಒಂದು ಪಾಲು. ಆದರೆ ಅಲ್ಲಿಂದ ಮುಂದೆ ಇಳಿತ ನಿಧಾನವಾಯಿತು, ಒಂದು ತಿಂಗಳ ನಂತರವೂ ಐದರಲ್ಲಿ ಒಂದು ಪಾಲು ಉಳಿದಿತ್ತು. ಅಂದರೆ ಮರೆವಿನ ದೊಡ್ಡ ಕುಸಿತ ಮೊದಲ ದಿನದಲ್ಲೇ ಮುಗಿದುಹೋಗುತ್ತದೆ. ಒಂದು ರಾತ್ರಿ ದಾಟಿ ಉಳಿದದ್ದರಲ್ಲಿ ಹೆಚ್ಚಿನ ಪಾಲು ಮುಂದಿನ ತಿಂಗಳಿಗೂ ಉಳಿಯುವ ಸಂಭವವಿದೆ.

ಅದೇ ಎಬ್ಬಿಂಗ್‌ಹೌಸ್ ಇನ್ನೊಂದನ್ನೂ ನೋಡಿದ. ಬೈರನ್ ಕವಿಯ ‘ಡಾನ್ ಜುವಾನ್’ ಕಾವ್ಯದ ಪದ್ಯಗಳನ್ನು ಕಲಿಯಲು ಅವನಿಗೆ ಅರ್ಥವಿಲ್ಲದ ಪಟ್ಟಿಗಳಿಗೆ ಬೇಕಾದ ಶ್ರಮದ ಸುಮಾರು ಹತ್ತನೆಯ ಒಂದು ಪಾಲು ಸಾಕಾಯಿತು. ಅರ್ಥ, ಲಯ, ಪ್ರಾಸ ಮೂರೂ ಸೇರಿದಾಗ ನೆನಪಿನ ಹೊರೆ ಅಷ್ಟು ಇಳಿಯುತ್ತದೆ. ‘ಹಸಿ ಬೇರೆ’ಯಲ್ಲಿ ಐದು ಮಾತ್ರೆ, ‘ಒಣ ಬೇರೆ’ಯಲ್ಲಿ ಐದು ಮಾತ್ರೆ. ವಿಶೇಷವೇನೂ ಇಲ್ಲವೆಂದು ಸಭೆ ಬದಿಗಿಟ್ಟ ಸಾಲಿನೊಳಗೆ ಇಷ್ಟು ಅಚ್ಚುಕಟ್ಟಾದ ತಾಳವಿದೆ.

ಮರುದಿನದ ಪರೀಕ್ಷೆಯನ್ನು ಹಾಳು ಮಾಡುವುದು ಬಹಳ ಸುಲಭ. ಒಬ್ಬರನ್ನು ಕರೆದು, ಈ ಸಾಲು ಕೇಳಿ, ನಾಳೆ ಕೇಳುತ್ತೇನೆ ಎಂದರೆ ಮುಗಿಯಿತು. ಅವರು ರಾತ್ರಿ ಮಲಗುವ ಮುಂಚೆ ಒಮ್ಮೆ, ಬೆಳಿಗ್ಗೆ ಎದ್ದು ಒಮ್ಮೆ ಹೇಳಿಕೊಂಡೇ ಬರುತ್ತಾರೆ. ನಾಲ್ಕೂ ಸಾಲುಗಳನ್ನು ಒಬ್ಬರಿಗೇ ತೋರಿಸಿದರೂ ಕೆಟ್ಟಿತು, ಅವರು ಒಂದನ್ನೊಂದು ಹೋಲಿಸಲು ತೊಡಗುತ್ತಾರೆ. ಬೀದಿಯಲ್ಲಿ ಜನರ ಮುಂದೆ ಹಾಗೆ ನಾಲ್ಕು ಆಯ್ಕೆ ಇರುವುದಿಲ್ಲ.

ಸರಿಯಾದ ಕ್ರಮ ಹೀಗಿರಬಹುದು. ಒಂದೊಂದು ಸಾಲಿಗೆ ಹತ್ತು ಮಂದಿಯಂತೆ ನಲವತ್ತು ಜನ. ಪ್ರತಿಯೊಬ್ಬರಿಗೂ ಆರೇಳು ಸಾಲುಗಳ ಒಂದು ಚಿಕ್ಕ ಪಟ್ಟಿಯನ್ನು ಓದಿ ಹೇಳಬೇಕು: ರಸ್ತೆ ಸುರಕ್ಷತೆಯದೊಂದು, ನೀರು ಉಳಿತಾಯದ್ದೊಂದು, ಅಂಗಡಿಯ ಜಾಹೀರಾತಿನದೊಂದು. ಅವುಗಳ ನಡುವೆ ನಮ್ಮ ಸಾಲು. ಪಟ್ಟಿಯ ಮೊದಲಲ್ಲಿ ಅಥವಾ ಕೊನೆಯಲ್ಲಿ ಅದನ್ನು ಇಡಬಾರದು, ಏಕೆಂದರೆ ಯಾವ ಪಟ್ಟಿಯಲ್ಲಾದರೂ ತುದಿಯವು ಹೆಚ್ಚು ನೆನಪಿರುತ್ತವೆ. ಓದಿದ ಮೇಲೆ, ಇವುಗಳಲ್ಲಿ ಯಾವುದು ಸುಲಭವಾಗಿ ಅರ್ಥವಾಯಿತು ಎಂಬಂಥ ಪ್ರಶ್ನೆಯೊಂದನ್ನು ಕೇಳಿ, ಚಹಾ ಕೊಟ್ಟು ಕಳಿಸಿಬಿಡಬೇಕು. ನಾಳೆಯ ಮಾತು ಎತ್ತಬಾರದು.

ಮರುದಿನ ಫೋನಿನಲ್ಲೋ ಎದುರಿಗೋ ಸಿಕ್ಕಾಗ ಮೂರು ಪ್ರಶ್ನೆ, ಇದೇ ಕ್ರಮದಲ್ಲಿ. ನಿನ್ನೆ ಕೇಳಿದ ಸಾಲುಗಳಲ್ಲಿ ಯಾವುದಾದರೂ ನೆನಪಿದೆಯೇ? ಉತ್ತರ ಬಾರದಿದ್ದರೆ, ಕಸದ ಬಗ್ಗೆ ಒಂದಿತ್ತಲ್ಲ, ಹೇಗಿತ್ತು? ಅದೂ ಆಗದಿದ್ದರೆ ಮಾತ್ರ ಸಾಲನ್ನೇ ಓದಿ, ಇದು ಇತ್ತೇ? ಕೊನೆಯ ಪ್ರಶ್ನೆಗೆ ಬಹಳಷ್ಟು ಜನ ಹೌದು ಎನ್ನುತ್ತಾರೆ. ಗುರುತು ಹಿಡಿಯುವುದು ಸುಲಭ, ತಾನಾಗಿ ನೆನಪಿಗೆ ತರುವುದು ಕಷ್ಟ. ಅಂಗಡಿಯ ಕಪಾಟಿನಲ್ಲಿ ಕಣ್ಣೆದುರು ಇರುವ ಸೋಪಿಗೆ ಗುರುತು ಸಿಕ್ಕರೂ ಸಾಕು. ಅಡುಗೆಮನೆಯಲ್ಲಿ ಸಿಪ್ಪೆ ಕೈಯಲ್ಲಿ ಹಿಡಿದು ನಿಂತವರ ಮುಂದೆ ಯಾವ ಬೋರ್ಡೂ ಇರುವುದಿಲ್ಲ, ಅಲ್ಲಿ ಸಾಲು ತಾನಾಗಿ ಬಾಯಿಗೆ ಬರಬೇಕು. ಆದ್ದರಿಂದ ಇಂಥ ಘೋಷವಾಕ್ಯಕ್ಕೆ ಮೊದಲ ಎರಡು ಪ್ರಶ್ನೆಗಳ ಉತ್ತರವೇ ಲೆಕ್ಕಕ್ಕೆ.

ಉತ್ತರಗಳನ್ನು ಸರಿ, ತಪ್ಪು ಎಂದು ಗುರುತು ಹಾಕಿ ಬಿಡುವುದು ಸಾಮಾನ್ಯ. ಈ ಇಡೀ ಕೆಲಸದಲ್ಲಿ ಆಗುವ ದೊಡ್ಡ ನಷ್ಟ ಅದೇ. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ, ತಪ್ಪು ಸಮೇತ, ಬರೆದುಕೊಳ್ಳಬೇಕು. ಏಕೆಂದರೆ ಮನಸ್ಸು ಸುಮ್ಮನೆ ಮರೆಯುವುದಿಲ್ಲ, ತನಗೆ ಒಗ್ಗುವಂತೆ ತಿದ್ದಿಕೊಳ್ಳುತ್ತದೆ. ಕೇಂಬ್ರಿಜ್‌ನ ಫ್ರೆಡರಿಕ್ ಬಾರ್ಟ್ಲೆಟ್ 1932ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದನ್ನೇ ವಿವರಿಸಿದ. ಅಮೆರಿಕದ ಮೂಲನಿವಾಸಿಗಳ ಒಂದು ಕಥೆಯನ್ನು ಇಂಗ್ಲಿಷರಿಗೆ ಓದಿಸಿ, ನೆನಪಿನಿಂದ ಮತ್ತೆ ಬರೆಯಲು ಹೇಳಿದಾಗ ಕಥೆ ಚಿಕ್ಕದಾಗುತ್ತಾ, ಅಪರಿಚಿತವಾದದ್ದೆಲ್ಲ ಪರಿಚಿತವಾಗುತ್ತಾ ಹೋಯಿತು. ಕಥೆಯಲ್ಲಿದ್ದ ದೋಣಿಯೂ ಅವರ ಊರಿನ ದೋಣಿಯಾಗಿ ಬದಲಾಯಿತು.

ಪಂಚಾಯಿತಿಯ ನೋಟ್‌ಬುಕ್ಕಿನಲ್ಲಿ ಹೀಗೆ ಬರೆದಿದೆ ಎಂದುಕೊಳ್ಳೋಣ. ಮೊದಲ ಸಾಲು ಕೇಳಿದ ಹತ್ತು ಮಂದಿಯಲ್ಲಿ ಹೆಚ್ಚಿನವರು, ‘ಸ್ವಚ್ಛ ನಗರ ಅಂತೇನೋ ಇತ್ತು’ ಎಂದಿದ್ದಾರೆ. ಮೂರನೆಯದನ್ನು ಕೇಳಿದವರಲ್ಲಿ ಅರ್ಧದಷ್ಟು ಮಂದಿ, ‘ಕಸದಿಂದ ರಸ’ ಎಂದಿದ್ದಾರೆ. ಅಂದರೆ ಮೊದಲೇ ಗೊತ್ತಿದ್ದ ಹಳೆಯ ಮಾತು ಹೊಸ ಸಾಲನ್ನು ನುಂಗಿಹಾಕಿದೆ. ‘ರಸ’ ನೆನಪಿದೆ, ‘ಬೇರೆ ಮಾಡಿ’ ಎಂಬ ತಿರುಳು ಹೋಗಿದೆ. ಗಾದೆಯ ಹೆಗಲೇರಿ ಬರುವ ಘೋಷವಾಕ್ಯಗಳಿಗೆಲ್ಲ ಇರುವ ಅಪಾಯವಿದು. ನಾಲ್ಕನೆಯದನ್ನು ಕೇಳಿದವರಲ್ಲಿ ಎಂಟು ಮಂದಿ ಪೂರ್ತಿ ಹೇಳಿದ್ದಾರೆ. ಒಬ್ಬರು ‘ಒಣ ಬೇರೆ, ಹಸಿ ಬೇರೆ’ ಎಂದು ತಿರುಗಿಸಿದ್ದಾರೆ, ಅದರಿಂದ ಏನೂ ನಷ್ಟವಿಲ್ಲ.

ತಪ್ಪುಗಳು ಎಷ್ಟೋ ಸಲ ಬರೆದವರಿಗಿಂತ ಒಳ್ಳೆಯ ಸಂಪಾದಕರಾಗಿರುತ್ತವೆ. ಗೇಣಿದಾರರ ಹೋರಾಟದ ಕಾಲದಿಂದ ನಾಡಿನಲ್ಲಿ ಓಡಾಡುತ್ತಿರುವ ಒಂದು ಘೋಷಣೆಯನ್ನೇ ನೋಡಬಹುದು. 1951ರ ಕಾಗೋಡು ಸತ್ಯಾಗ್ರಹ, 1974ರ ಭೂಸುಧಾರಣೆಯ ಮಾತು ಬಂದಾಗಲೆಲ್ಲ ಅದು ಬರುತ್ತದೆ. ಕೆಲವರು ‘ಉಳುವವನೇ ಭೂಮಿಯ ಒಡೆಯ’ ಎನ್ನುತ್ತಾರೆ, ಕೆಲವರು ‘ಉಳುವವನೇ ಹೊಲದೊಡೆಯ’ ಎನ್ನುತ್ತಾರೆ. ಎರಡೂ ರೂಪಗಳು ಬಳಕೆಯಲ್ಲಿವೆ, ಅರ್ಥವೂ ಒಂದೇ. ಆದರೆ ‘ಭೂಮಿಯ ಒಡೆಯ’ದಲ್ಲಿ ಏಳು ಮಾತ್ರೆ, ನಡುವೆ ‘ಯ’ ಮುಗಿದು ‘ಒ’ ಶುರುವಾಗುವಲ್ಲಿ ಒಂದು ಬಿರುಕು. ‘ಹೊಲದೊಡೆಯ’ದಲ್ಲಿ ಸಂಧಿಯಾಗಿ ಬಿರುಕು ಮುಚ್ಚಿದೆ, ಐದೂ ಅಕ್ಷರ ಲಘು, ‘ಉಳು’ವಿನ ‘ಳ’ಕ್ಕೆ ‘ಹೊಲ’ದ ‘ಲ’ ನೆರೆಯವನಾಗಿ ಕೂತಿದೆ. ಮೆರವಣಿಗೆಯಲ್ಲಿ ಕೈಯೆತ್ತಿ ಕೂಗುವವರಿಗೆ ಎರಡನೆಯದು ಹಗುರ. ಹತ್ತು ಮಂದಿಯಲ್ಲಿ ಆರು ಮಂದಿ ಒಂದು ಸಾಲನ್ನು ಒಂದೇ ರೀತಿಯಲ್ಲಿ ತಪ್ಪಾಗಿ ಹೇಳಿದರೆ, ಆ ತಪ್ಪನ್ನೇ ಹೊಸ ಕರಡು ಎಂದು ತೆಗೆದುಕೊಂಡು ಮತ್ತೆ ಪರೀಕ್ಷಿಸುವುದು ಜಾಣತನ.

ಪಂಚಾಯಿತಿಯ ಎರಡನೆಯ ಸಾಲು ಇನ್ನೂ ಉಳಿದಿದೆ. ‘ನಮ್ಮ ಊರು, ಸ್ವಚ್ಛ ಊರು’ ಎಂಬುದನ್ನು ಮರುದಿನ ಏಳು ಮಂದಿ ಸರಿಯಾಗಿಯೇ ಹೇಳಿದ್ದಾರೆ ಎನ್ನೋಣ. ಹಾಗಿದ್ದರೂ ಅದು ಸೋಲುವುದು ನಾಲ್ಕನೆಯ ಪ್ರಶ್ನೆಯಲ್ಲಿ: ಆ ಸಾಲು ಏನು ಮಾಡಿ ಎಂದು ಹೇಳಿತು? ಒಬ್ಬರು ರಸ್ತೆಯಲ್ಲಿ ಉಗುಳಬೇಡಿ ಎಂದು ಅಂದುಕೊಂಡಿರುತ್ತಾರೆ, ಇನ್ನೊಬ್ಬರು ಚರಂಡಿಯ ವಿಷಯ ಎಂದಿರುತ್ತಾರೆ. ಸಾಲು ಉಳಿದಿದೆ, ಕೆಲಸ ಉಳಿದಿಲ್ಲ. ಜಾಹೀರಾತು ಕ್ಷೇತ್ರದಲ್ಲಿ ಇದರ ಇನ್ನೊಂದು ರೂಪ ಎಲ್ಲರಿಗೂ ಗೊತ್ತು. ಹಾಡು ನೆನಪಿರುತ್ತದೆ, ಯಾವ ಕಂಪನಿಯದೆಂದು ಮರೆತಿರುತ್ತದೆ. ಬೆಂಗಳೂರಿನಲ್ಲಿ ಕಸ ವಿಂಗಡಣೆಗೆಂದು ಹುಟ್ಟಿದ ‘ಟೂ ಬಿನ್ ಒನ್ ಬ್ಯಾಗ್’ ಈ ಪ್ರಶ್ನೆಯಲ್ಲಿ ಮುಕ್ಕಾಲು ಪಾಲು ಗೆಲ್ಲುತ್ತದೆ. ಎರಡು ಡಬ್ಬ, ಒಂದು ಚೀಲ ಇಡಬೇಕೆಂದು ಸಾಲೇ ಹೇಳಿಬಿಡುತ್ತದೆ. ಯಾವುದರಲ್ಲಿ ಏನು ಎಂಬುದನ್ನು ಮಾತ್ರ ಬಣ್ಣಗಳು ಹೇಳಬೇಕು: ಹಸಿರು ಡಬ್ಬಕ್ಕೆ ಹಸಿಕಸ, ಕೆಂಪು ಡಬ್ಬಕ್ಕೆ ಸ್ಯಾನಿಟರಿ ಕಸ, ಚೀಲಕ್ಕೆ ಒಣಕಸ.

ಹತ್ತು ಹತ್ತು ಮಂದಿಯ ಈ ಲೆಕ್ಕವನ್ನು ಅತಿಯಾಗಿ ನಂಬುವುದೂ ತಪ್ಪೇ. ಎಂಟು ಮತ್ತು ಎರಡರ ನಡುವಿನ ಅಂತರ ಏನನ್ನೋ ಹೇಳುತ್ತದೆ, ಆರು ಮತ್ತು ಐದರ ನಡುವಿನದು ಏನನ್ನೂ ಹೇಳುವುದಿಲ್ಲ. ಅಂಥ ಕಡೆ ಇಬ್ಬರನ್ನೂ ಉಳಿಸಿಕೊಂಡು ಬೇರೆ ಜನರನ್ನು ಕೇಳಬೇಕು. ಇನ್ನೊಂದು ಮಿತಿ, ಈ ಪರೀಕ್ಷೆ ಒಂದೇ ಸಲ ಕೇಳಿದ ಸಾಲಿನ ಶಕ್ತಿಯನ್ನು ಅಳೆಯುತ್ತದೆ. ವಿಧಾನಸೌಧದ ಮುಂಭಾಗದಲ್ಲಿ ಕೆತ್ತಿದ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂಬ ಮಾತನ್ನು ಬೆಂಗಳೂರಿನವರು ಎಷ್ಟು ಸಲ ಓದಿದ್ದಾರೋ ಲೆಕ್ಕವಿಲ್ಲ. ‘ಕೆಲಸ’ ಎರಡು ಸಲ ಬಂದು ತಕ್ಕಡಿಯ ಎರಡು ತಟ್ಟೆಯಂತೆ ತೂಗುವುದರಿಂದ ಅದು ನೆನಪಿದೆಯೋ, ಕಲ್ಲಿನಲ್ಲಿ ದಿನವೂ ಕಾಣುವುದರಿಂದ ನೆನಪಿದೆಯೋ ಬಿಡಿಸಿ ಹೇಳಲಾಗದು. ಸಾವಿರ ಗೋಡೆಗಳ ಮೇಲೆ ಬರೆಸುವಷ್ಟು ಹಣ ಇರುವವರಿಗೆ ಸಾಧಾರಣ ಸಾಲೂ ನಡೆದೀತು. ಒಂದೇ ಒಂದು ಆಟೋ, ಒಂದೇ ಧ್ವನಿವರ್ಧಕ ಇರುವ ಪಂಚಾಯಿತಿಗೆ ನಡೆಯದು.

ನಾಲ್ಕನೆಯ ಸಾಲನ್ನು ಆರಿಸಿಕೊಂಡ ಮೇಲೂ ಪಂಚಾಯಿತಿಯ ಕೆಲಸ ಮುಗಿಯುವುದಿಲ್ಲ. ಏನು ಮಾಡಬೇಕು ಎಂಬ ಪ್ರಶ್ನೆಗೆ ಎಲ್ಲರೂ ಸರಿಯಾಗಿ ಉತ್ತರಿಸಿದ್ದಾರೆ. ಆದರೆ ಇಬ್ಬರು ಮನೆಯವರು, ಹಾಳಾದ ಬಲ್ಬು, ಬ್ಯಾಟರಿ, ಅವಧಿ ಮುಗಿದ ಮಾತ್ರೆಗಳನ್ನು ಎಲ್ಲಿ ಹಾಕಬೇಕು ಎಂದು ಕೇಳಿದ್ದಾರೆ. ಸಾಲಿನಲ್ಲಿ ಅದಕ್ಕೆ ಜಾಗವಿಲ್ಲ. ‘ಹಸಿ ಬೇರೆ, ಒಣ ಬೇರೆ, ವಿಷ ಬೇರೆ’ ಎಂದರೆ ತಾಳ ಕೆಡುವುದಿಲ್ಲ, ಮೂರನೆಯದೂ ಐದೇ ಮಾತ್ರೆ. ಒಟ್ಟು ಹನ್ನೆರಡು ಅಕ್ಷರ, ಇನ್ನೂ ಎರಡು ಸೆಕೆಂಡಿನೊಳಗೇ ಇದೆ. ಡೈಪರ್ ಮತ್ತು ಪ್ಯಾಡುಗಳನ್ನು ಜನ ‘ವಿಷ’ ಎಂದು ಎಣಿಸುತ್ತಾರೆಯೇ, ಮೂರನೆಯ ತುಂಡು ಮರುದಿನಕ್ಕೆ ಉಳಿಯುತ್ತದೆಯೇ ಎಂಬುದನ್ನು ಮಾತ್ರ ಮತ್ತೆ ಕೇಳಿಯೇ ತಿಳಿಯಬೇಕು. ಹಳೆಯ ಹತ್ತು ಮಂದಿ ಇದಕ್ಕೆ ಬರುವುದಿಲ್ಲ, ಅವರಿಗೆ ಮೊದಲೆರಡು ತುಂಡುಗಳು ಆಗಲೇ ಬಾಯಿಗೆ ಬಂದಿವೆ. ಹೊಸ ಹತ್ತು ಜನರನ್ನು ಹುಡುಕಿ, ಸಾಲನ್ನು ಪಟ್ಟಿಯ ನಡುವಿಗೆ ಸೇರಿಸಿ, ಓದಿ ಹೇಳಿ, ಒಂದು ರಾತ್ರಿ ಕಾಯಬೇಕು.